ಒಂದು ನ್ಯೂಟ್ರಾನ್ ತಂದ ನಿಧಾನ

ಚುಚ್ಚುಮದ್ದು ಕೊಡುವ ಮುನ್ನ ನರ್ಸ್ ತೋಳಿಗೆ ಒರೆಸುವ ಸ್ಪಿರಿಟ್ ಹಲವು ಸಲ ಐಸೊಪ್ರೊಪೈಲ್ ಆಲ್ಕೋಹಾಲ್ ಆಗಿರುತ್ತದೆ. ಇದಕ್ಕೆ ಕ್ರೋಮಿಕ್ ಆಮ್ಲ ಬೆರೆಸಿದರೆ ಕಿತ್ತಳೆ ಬಣ್ಣದ ದ್ರಾವಣ ಮೆಲ್ಲಗೆ ಹಸಿರಾಗುತ್ತದೆ, ಆಲ್ಕೋಹಾಲ್ ಅಸಿಟೋನ್ ಆಗುತ್ತದೆ. 1949ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಫ್ರಾಂಕ್ ವೆಸ್ಟ್‌ಹೈಮರ್ ಮತ್ತು ನಿಕೊಲೈಡಿಸ್ ಈ ಹಳೆಯ ಕ್ರಿಯೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಆಲ್ಕೋಹಾಲಿನ ನಡುವಿನ ಕಾರ್ಬನ್ನಿಗೆ ಅಂಟಿಕೊಂಡಿದ್ದ ಹೈಡ್ರೋಜನ್ನಿನ ಜಾಗದಲ್ಲಿ ಡ್ಯುಟೀರಿಯಂ ಇಟ್ಟರು. ಕ್ರಿಯೆ ಸುಮಾರು ಆರು ಪಟ್ಟು ನಿಧಾನವಾಯಿತು.

ಡ್ಯುಟೀರಿಯಂ ಬೇರೆ ಧಾತುವಲ್ಲ. ಹೈಡ್ರೋಜನ್ನಿನ ನ್ಯೂಕ್ಲಿಯಸ್ಸಿಗೆ ಒಂದು ನ್ಯೂಟ್ರಾನ್ ಸೇರಿದ ಐಸೊಟೋಪ್. ತೂಕ ದುಪ್ಪಟ್ಟು, ವಿದ್ಯುದಂಶ ಅಷ್ಟೇ. ಬಂಧ ಕಟ್ಟುವುದು ಎಲೆಕ್ಟ್ರಾನ್‌ಗಳ ಕೆಲಸವಾದ್ದರಿಂದ ಕಾರ್ಬನ್-ಹೈಡ್ರೋಜನ್ ಬಂಧಕ್ಕೂ ಕಾರ್ಬನ್-ಡ್ಯುಟೀರಿಯಂ ಬಂಧಕ್ಕೂ ಬಿಗಿ ಒಂದೇ. ಹಾಗಿದ್ದರೆ ಒಂದನ್ನು ಮುರಿಯಲು ಹೆಚ್ಚು ಕಷ್ಟವೇಕೆ?

ಬಂಧವೆಂದರೆ ಸದಾ ಕಂಪಿಸುವ ಜೋಡಿ. ಹಗುರ ಹೈಡ್ರೋಜನ್ ಕಾರ್ಬನ್ನಿನ ಎದುರು ಸೆಕೆಂಡಿಗೆ ಸುಮಾರು 87 ಲಕ್ಷ ಕೋಟಿ ಸಲ ಮುಂದಕ್ಕೂ ಹಿಂದಕ್ಕೂ ಓಲಾಡಿದರೆ, ಭಾರದ ಡ್ಯುಟೀರಿಯಂ ಸುಮಾರು 64 ಲಕ್ಷ ಕೋಟಿ ಸಲ. ಎಷ್ಟೇ ತಣಿಸಿದರೂ ಈ ಓಲಾಟ ಪೂರ್ತಿ ನಿಲ್ಲುವುದಿಲ್ಲ. ಕಣವೊಂದು ಖಚಿತ ಜಾಗದಲ್ಲಿ ಸಂಪೂರ್ಣ ನಿಶ್ಚಲವಾಗಿರುವುದನ್ನು ಕ್ವಾಂಟಂ ನಿಯಮ ಒಪ್ಪುವುದಿಲ್ಲ. ಕೊನೆಗೂ ಉಳಿದೇ ಉಳಿಯುವ ಆ ಕನಿಷ್ಠ ಶಕ್ತಿಗೆ ಶೂನ್ಯಬಿಂದು ಶಕ್ತಿ ಎಂದು ಹೆಸರು. ಕಂಪನ ಚುರುಕಾದಷ್ಟೂ ಅದು ಹೆಚ್ಚು.

ಒಂದೇ ಆಳದ ಬಾವಿಯಲ್ಲಿ ಇಬ್ಬರು ನಿಂತಿದ್ದಾರೆ ಎನ್ನೋಣ: ಹೈಡ್ರೋಜನ್ ಒಂದು ಮೆಟ್ಟಿಲು ಮೇಲೆ, ಡ್ಯುಟೀರಿಯಂ ಅದಕ್ಕಿಂತ ಕೆಳಗೆ. ಹೊರಬರುವ ಕಟ್ಟೆ ಇಬ್ಬರಿಗೂ ಒಂದೇ, ಆದರೆ ಕೆಳಗಿದ್ದವನು ಹೆಚ್ಚು ಹತ್ತಬೇಕು.

ಆ ಹೆಚ್ಚುವರಿ ಹತ್ತುವಿಕೆ ಮೋಲಿಗೆ ಸುಮಾರು 4.6 ಕಿಲೋಜೂಲ್. ಬಂಧವನ್ನು ಪೂರ್ತಿ ಮುರಿಯಲು 400ಕ್ಕಿಂತ ಹೆಚ್ಚು ಕಿಲೋಜೂಲ್ ಬೇಕಿರುವಾಗ ಇದು ನೂರಕ್ಕೆ ಒಂದರಷ್ಟು. ಆದರೂ ಪರಿಣಾಮ ದೊಡ್ಡದು. ಕೋಣೆಯ ಉಷ್ಣತೆಯಲ್ಲಿ ಅಣುಗಳ ಉಷ್ಣಶಕ್ತಿಯ ಅಳತೆಗೋಲು ಮೋಲಿಗೆ ಸುಮಾರು 2.5 ಕಿಲೋಜೂಲ್. ತಡೆ ಅಷ್ಟು ಏರಿದಾಗಲೆಲ್ಲ ಅದನ್ನು ದಾಟಬಲ್ಲ ಅಣುಗಳ ಪಾಲು 2.7ರಿಂದ ಭಾಗಿಸಿದಷ್ಟಾಗುತ್ತದೆ. 4.6 ಏರಿದರೆ ಇಳಿಕೆ ಸುಮಾರು 6.4 ಪಟ್ಟು. ವೆಸ್ಟ್‌ಹೈಮರ್ ಕಂಡ ಅಂಕಿಗೆ ಇದು ಹತ್ತಿರ ಬಂದು ನಿಲ್ಲುತ್ತದೆ.

ಈ ಲೆಕ್ಕದ ಹಿಂದೆ ಒಂದು ಊಹೆಯಿದೆ: ತಡೆಯ ನೆತ್ತಿಯಲ್ಲಿ ಆ ಕಂಪನ ಪೂರ್ತಿ ಕಳೆದುಹೋಗಿರುತ್ತದೆ ಎಂಬುದು. ಎಷ್ಟೋ ಕ್ರಿಯೆಗಳಲ್ಲಿ ನೆತ್ತಿಯ ಮೇಲೂ ಹೈಡ್ರೋಜನ್ ಅರ್ಧ ಹಿಡಿತದಲ್ಲೇ ಇರುತ್ತದೆ. ಆಗ ಶೂನ್ಯಬಿಂದು ವ್ಯತ್ಯಾಸ ಅಲ್ಲೂ ಉಳಿದು, ಅನುಪಾತ ಎರಡು-ಮೂರಕ್ಕೆ ಇಳಿಯಬಹುದು. ಉಲ್ಟಾ ಕೂಡ ಉಂಟು. ಸೋಯಾ ಅವರೆಯ ಲಿಪಾಕ್ಸಿಜನೇಸ್ ಎಂಬ ಕಿಣ್ವದಲ್ಲಿ ಈ ಅನುಪಾತ ಸುಮಾರು 80. ಮೆಟ್ಟಿಲಿನ ಅಂತರ ಮಾತ್ರ ಅಷ್ಟನ್ನು ಕೊಡಲಾರದು. ಹಗುರ ಹೈಡ್ರೋಜನ್ ತಡೆಯನ್ನು ಹತ್ತದೆ ಅದರೊಳಗಿಂದಲೇ ತೂರಿಹೋಗುತ್ತಿದೆ ಎಂದು ವಿವರಿಸಬೇಕಾಗುತ್ತದೆ.

ರಸಾಯನ ವಿಜ್ಞಾನಿಗೆ ಈ ನಿಧಾನವೇ ಸಾಕ್ಷಿ. ಸ್ಪಿರಿಟ್ ಆರು ಪಟ್ಟು ತಡವಾಯಿತೆಂದರೆ, ಇಡೀ ಕ್ರಿಯೆಯ ವೇಗವನ್ನು ನಿರ್ಧರಿಸುವ ಹಂತದಲ್ಲೇ ಆ ಬಂಧ ಮುರಿಯುತ್ತಿದೆ. ಆಲ್ಕೋಹಾಲ್ ಮೊದಲು ಕ್ರೋಮಿಯಂಗೆ ಬೇಗನೆ ಜೋಡಿಕೊಂಡು, ಆಮೇಲೆ ಕಾರ್ಬನ್ನಿನಿಂದ ಹೈಡ್ರೋಜನ್ ಕಳಚುವುದು ನಿಧಾನದ ಹೆಜ್ಜೆ. ಅದೇ ಕಾಲದಲ್ಲಿ ಸ್ವೀಡನ್ನಿನ ಲಾರ್ಸ್ ಮೆಲಾಂಡರ್ ಬೆಂಜೀನ್ ವರ್ಗದ ಸಂಯುಕ್ತಗಳಿಗೆ ಇನ್ನೂ ಭಾರದ ಟ್ರಿಟಿಯಂ ಸೇರಿಸಿ ನೈಟ್ರೀಕರಣ ಮಾಡಿದಾಗ ನಿಧಾನವೇ ಕಾಣಲಿಲ್ಲ. ನೈಟ್ರೊ ಗುಂಪು ಬಂದು ಕೂರುವುದೇ ಅಲ್ಲಿ ತಡದ ಕೆಲಸ. ಹೈಡ್ರೋಜನ್ ಹೋಗುವುದು ಅನಂತರ, ಸರಾಗ. ಕಣ್ಣಿಗೆ ಕಾಣದ ಹೆಜ್ಜೆಗಳ ಸರದಿಯನ್ನು ಗಡಿಯಾರ ಹಿಡಿದು ಓದುವ ಈ ಉಪಾಯದ ಚೆಲುವು ಇಲ್ಲಿದೆ.

ಇದೇ ವಿಚಾರ ಔಷಧಕ್ಕೂ ಬಂತು. ಹಂಟಿಂಗ್ಟನ್ ಕಾಯಿಲೆಯವರ ಅನೈಚ್ಛಿಕ ಅಂಗಚಲನೆಯನ್ನು ತಗ್ಗಿಸುವ ಟೆಟ್ರಾಬೆನಜಿನ್ ದೇಹದಲ್ಲಿ ಬೇಗ ಕರಗಿಹೋಗುತ್ತದೆ. ಯಕೃತ್ತಿನ ಕಿಣ್ವಗಳು ಅದರಿಂದ ಹುಟ್ಟುವ ಸಕ್ರಿಯ ರೂಪದ ಮಿಥಾಕ್ಸಿ ಗುಂಪುಗಳನ್ನು ಕತ್ತರಿಸುತ್ತವೆ. ಅಂಥ ಎರಡು ಗುಂಪುಗಳ ಆರು ಹೈಡ್ರೋಜನ್‌ಗಳನ್ನು ಡ್ಯುಟೀರಿಯಂ ಮಾಡಿದ ಡ್ಯೂಟೆಟ್ರಾಬೆನಜಿನ್‌ಗೆ ಅಮೆರಿಕ 2017ರಲ್ಲಿ ಅನುಮತಿ ಕೊಟ್ಟಿತು. ಔಷಧ ಹೆಚ್ಚು ಹೊತ್ತು ಉಳಿಯುವುದರಿಂದ ಡೋಸುಗಳ ನಡುವಿನ ಏರಿಳಿತ ತಗ್ಗಿತು. ಆದರೆ ಎಲ್ಲ ಔಷಧಗಳಿಗೂ ಹೀಗೆ ಮಾಡಿದರೆ ಫಲ ಸಿಗುವುದಿಲ್ಲ. ಕಿಣ್ವದ ನಿಧಾನದ ಹೆಜ್ಜೆ ಬೇರೆಡೆ ಇದ್ದರೆ ಡ್ಯುಟೀರಿಯಂ ಸೇರಿಸಿದರೂ ವೇಗ ಬದಲಾಗದು. ಕೆಲವೊಮ್ಮೆ ಗಟ್ಟಿಯಾದ ಬಂಧವನ್ನು ಬಿಟ್ಟು ಕಿಣ್ವ ಅದೇ ಅಣುವಿನ ಮತ್ತೊಂದು ಕಡೆಯ ಹೈಡ್ರೋಜನ್ನಿಗೆ ಕೈಹಾಕುತ್ತದೆ. ಆಗ ಔಷಧ ಹೊಸ ದಾರಿಯಲ್ಲಿ ಅಷ್ಟೇ ಬೇಗ ಕರಗಿಹೋಗುತ್ತದೆ.