ಕೂತರೂ ನೋವು, ಎದ್ದರೂ ನೋವು

ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು, ಸೋಪಿನ ನೀರು ನಿಂತ ಬಚ್ಚಲು, ಯಾರೋ ಹಿಂದಕ್ಕೆ ಸರಿಸಿಬಿಟ್ಟ ಕುರ್ಚಿ. ಇವುಗಳಿಂದ ಜಾರಿ ಕುಕ್ಕರಿಸಿ ಬಿದ್ದವರು ಮೊದಲು ಸುತ್ತ ನೋಡುತ್ತಾರೆ, ಯಾರೂ ಕಾಣಲಿಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದು ಹೋಗುತ್ತಾರೆ. ಅಸಲಿ ತೊಂದರೆ ಶುರುವಾಗುವುದು ಮತ್ತೆ ಕೂರಲು ಹೋದಾಗ.

ಬೆನ್ನುಮೂಳೆಯ ತೀರಾ ತುದಿಯಲ್ಲಿ, ಪೃಷ್ಠದ ಸೀಳಿನೊಳಗೆ ಮೂರರಿಂದ ಐದು ಸಣ್ಣ ಮೂಳೆಗಳು ಸೇರಿ ಆದ ಬಾಲದ ಮೂಳೆಯಿದೆ. ವೈದ್ಯರು ಇದನ್ನು ಕಾಕ್ಸಿಕ್ಸ್ ಎನ್ನುತ್ತಾರೆ. ಕೂತಾಗ ದೇಹದ ಭಾರವನ್ನು ಮುಖ್ಯವಾಗಿ ಹೊರುವುದು ಎರಡು ಪಕ್ಕದ ಕೂರುವ ಮೂಳೆಗಳು. ಆದರೆ ಹಿಂದಕ್ಕೆ ಒರಗಿದಷ್ಟೂ ಭಾರ ಬಾಲದ ಮೂಳೆಯತ್ತ ಸರಿಯುತ್ತದೆ. ಕೂರುವಾಗ ಈ ಮೂಳೆ ತುಸು ಬಾಗುತ್ತದೆ, ಏಳುವಾಗ ಮೊದಲಿನ ಜಾಗಕ್ಕೆ ಮರಳುತ್ತದೆ. ಪೆಟ್ಟಿನಿಂದ ಕೀಲು, ಅಸ್ಥಿರಜ್ಜು ಊದಿಕೊಂಡಿದ್ದರೆ ಈ ಸಣ್ಣ ಚಲನೆಯೇ ಪ್ರಾಣ ಹಿಂಡುತ್ತದೆ. ಕೂತಲ್ಲಿಂದ ಏಳುವ ಕ್ಷಣದಲ್ಲಿ ಚುಚ್ಚಿದಂತಾಗುವುದು ಇದಕ್ಕೇ. ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಐದು ಪಟ್ಟು ಹೆಚ್ಚು; ಹೆರಿಗೆಯೂ ಒಂದು ಕಾರಣ.

ಶಿವಮೊಗ್ಗದ ಬ್ಯಾಂಕೊಂದರಲ್ಲಿ ಕ್ಯಾಷ್ ಕೌಂಟರಿನಲ್ಲಿರುವ ನಲವತ್ತರ ಮಹಿಳೆಯೊಬ್ಬರು ಜುಲೈನಲ್ಲಿ ಅಂಗಳದಲ್ಲಿ ಜಾರಿಬಿದ್ದರು ಎಂದಿಟ್ಟುಕೊಳ್ಳೋಣ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷದಂತೆ ದಿನಕ್ಕೆ ಕೆಲವು ಬಾರಿ ಇಟ್ಟರೆ ಸಾಕು. ಆಮೇಲೆ ಬಿಸಿನೀರಿನ ಚೀಲ ಹಿತವೆನಿಸಬಹುದು. ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ನೆರವಾಗುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ನುಂಗಬಾರದು. ಮಲಬದ್ಧತೆಯಿಂದ ತಿಣುಕಿದರೆ ಅದೇ ಜಾಗಕ್ಕೆ ಒತ್ತಡ ಬೀಳುವುದರಿಂದ ನೀರು, ಸೊಪ್ಪು, ಹಣ್ಣು ಊಟದಲ್ಲಿ ಹೆಚ್ಚಬೇಕು.

ಆಕೆ ಕೆಲಸಕ್ಕೆ ಮರಳುವಾಗ ದಿಂಬಿನ ಪ್ರಶ್ನೆ ಬರುತ್ತದೆ. ಮೆಡಿಕಲ್ ಶಾಪಿನವರು ಬಹುತೇಕ ನಡುವೆ ತೂತಿರುವ ಉಂಗುರದಾಕಾರದ ದಿಂಬನ್ನು ಕೊಡುತ್ತಾರೆ. ಮೂಲವ್ಯಾಧಿಯವರು ಬಳಸುವಂಥದ್ದು ಅದು. ಬಾಲದ ಮೂಳೆ ಇರುವುದು ಆ ತೂತಿಗಿಂತ ಹಿಂದೆ. ಹಾಗಾಗಿ ಉಂಗುರದ ಹಿಂಬದಿಯ ಅಂಚೇ ಹಲವರಿಗೆ ನೋವಿನ ಜಾಗಕ್ಕೆ ತಾಗುತ್ತದೆ. ಹಿಂದೆ ಎತ್ತರವಾಗಿ ಮುಂದಕ್ಕೆ ಇಳಿಜಾರಾದ, ಹಿಂಬದಿಯ ಮಧ್ಯದಲ್ಲಿ ಕತ್ತರಿಸಿ ತೆಗೆದ ಗಟ್ಟಿ ಫೋಮಿನ ದಿಂಬು ಇದಕ್ಕಿಂತ ಮೇಲು. ಅದು ಭಾರವನ್ನು ತೊಡೆಗಳತ್ತ ತಳ್ಳಿ ಮೂಳೆಯನ್ನು ಗಾಳಿಯಲ್ಲಿ ತೇಲಿಸುತ್ತದೆ. ಪರೀಕ್ಷೆ ಸುಲಭ: ದಿಂಬಿನ ಮೇಲೆ ಕೂತು ಹಿಂದಿನ ಖಾಲಿ ಜಾಗಕ್ಕೆ ಬೆರಳು ತೂರಿಸಬೇಕು. ಬೆರಳು ಸೀಟಿಗೂ ಮೈಗೂ ನಡುವೆ ಒತ್ತಿಹೋದರೆ ಫೋಮ್ ಮೆತ್ತಗಾಯಿತು. ದಿಂಬು ಸಿಗುವವರೆಗೆ ಬಿಗಿಯಾಗಿ ಮಡಚಿದ ಎರಡು ಟವೆಲನ್ನು ಎರಡೂ ತೊಡೆಯ ಕೆಳಗಿಟ್ಟು ನಡುವೆ ಜಾಗ ಬಿಟ್ಟರೂ ನಡೆಯುತ್ತದೆ.

ದಿಂಬೊಂದೇ ಸಾಲದು. ಸೋಫಾದಲ್ಲಿ ಜಾರಿ ಅರೆಮಲಗಿ ಟಿ.ವಿ. ನೋಡುವುದು, ಬೆನ್ನು ಕುಸಿದು ನೆಲದ ಮೇಲೆ ಕೂರುವುದು ಸದ್ಯಕ್ಕೆ ಬೇಡ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಏಳುವಾಗ ಸೀಟಿನ ಅಂಚಿಗೆ ಬಂದು, ಸೊಂಟದಿಂದ ಮುಂದಕ್ಕೆ ಬಾಗಿ ಎದ್ದರೆ ಚುಚ್ಚು ತಗ್ಗುತ್ತದೆ. ರಸ್ತೆಯ ಉಬ್ಬುಗಳ ಮೇಲೆ ಸ್ಕೂಟರ್ ಓಡಿಸುವುದು, ಬಸ್ಸಿನ ಹಿಂದಿನ ಸೀಟು ಎರಡೂ ಕೆಲವು ವಾರ ದೂರವಿರಲಿ.

ವಾಸಿಯಾಗಲು ಎಷ್ಟು ದಿನ? ಬರೀ ಪೆಟ್ಟಾದರೆ ಸಾಮಾನ್ಯವಾಗಿ ನಾಲ್ಕು ವಾರ, ಮೂಳೆ ಬಿರುಕು ಬಿಟ್ಟಿದ್ದರೆ ಎಂಟರಿಂದ ಹನ್ನೆರಡು ವಾರ. ಬಿರುಕಿದ್ದರೂ ಇಲ್ಲಿ ಪ್ಲಾಸ್ಟರ್ ಹಾಕಲಾಗುವುದಿಲ್ಲ, ಚಿಕಿತ್ಸೆ ಹೆಚ್ಚುಕಡಿಮೆ ಅದೇ. ಹಾಗಾಗಿ ಮೊದಲ ದಿನವೇ ಎಕ್ಸ್‌ರೇಗೆ ಓಡುವ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ. ನೋವು ಎರಡು ಮೂರು ತಿಂಗಳು ದಾಟಿದರೆ ಮೂಳೆ ತಜ್ಞರ ಬಳಿ ಹೋಗಬೇಕು. ನಿಂತು ಒಂದು, ಕೂತು ಒಂದು ಎಕ್ಸ್‌ರೇ ತೆಗೆದು ಹೋಲಿಸಿದರೆ ಮೂಳೆ ಅತಿಯಾಗಿ ಅಲುಗುತ್ತಿದೆಯೇ, ಜಾಗ ತಪ್ಪುತ್ತಿದೆಯೇ ಎಂಬುದು ತಿಳಿಯುತ್ತದೆ. ಫಿಸಿಯೋಥೆರಪಿ, ಆ ಜಾಗಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಮುಂದಿನ ಹೆಜ್ಜೆಗಳು. ಮೂಳೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾಗುವವರು ಬಹಳ ವಿರಳ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವಂತಿಲ್ಲ. ಜ್ವರದ ಜೊತೆ ಆ ಜಾಗದಲ್ಲಿ ಊತ, ಕೀವು ಇದ್ದರೆ ಅದು ಪೆಟ್ಟಲ್ಲ, ಕುರುವಿರಬಹುದು. ಬೀಳದೆಯೇ ಶುರುವಾಗಿ ಮಲಗಿದರೂ ಬಿಡದ ನೋವನ್ನೂ ತೋರಿಸಬೇಕು. ಕಾಲಿನಲ್ಲಿ ಬಲ ತಗ್ಗಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.