ಎರಡನೇ ಕೌಂಟರ್ ಮಾತ್ರ ಯಾಕೆ ನಿಧಾನ?

‘ನೆಟ್‌ವರ್ಕ್ ಸ್ಲೋ, ಬೇಗ ಬನ್ನಿ’ ಎಂದಷ್ಟೇ ಬರೆದರೆ ಟೆಕ್ನಿಷಿಯನ್‌ಗೆ ಏನೂ ತಿಳಿಯದು. ದಿನಸಿ ಅಂಗಡಿಯ ಮಾಲೀಕರೊಬ್ಬರು ಹೀಗೆ ಇಮೇಲ್ ಬರೆದರು ಎನ್ನಿ:

“ಸರ್, ಸ್ಕ್ಯಾನ್ ಮಾಡಿದ ಮೇಲೆ ರೇಟ್ ಬರಲು ಎರಡನೇ ಕೌಂಟರ್‌ನಲ್ಲಿ 8 ಸೆಕೆಂಡ್ ಹಿಡಿಯುತ್ತಿದೆ. ಒಂದನೆಯದು ಸರಿಯಿದೆ. ಇಂಟರ್‌ನೆಟ್ ತೆಗೆದರೂ ಹಾಗೇ. ಸರ್ವರ್‌ಗೆ `ping` ಕೊಟ್ಟರೆ ನಡುನಡುವೆ `Request timed out` ಬರುತ್ತದೆ. ಫ್ರಿಜ್ ಸರಿಸಿದ ಮೇಲೆ ಶುರುವಾಯಿತು.”

ಅರ್ಧ ಕೆಲಸ ಇಲ್ಲೇ ಮುಗಿಯಿತು. ಒಂದನೇ ಕೌಂಟರ್ ಚುರುಕಾಗಿದೆ, ಹಾಗಾಗಿ ಸರ್ವರ್ ಮೇಲೆ ಅನುಮಾನ ಕಡಿಮೆ; ಇಂಟರ್‌ನೆಟ್ ಪಾಪ, ನಿರಪರಾಧಿ. ಉಳಿದದ್ದು ಆ ಕೌಂಟರ್‌ನ ಕಂಪ್ಯೂಟರ್, ಕೇಬಲ್, ಸ್ವಿಚ್‌ನ ಪೋರ್ಟ್. ಕಳಿಸಿದ ಮಾಹಿತಿ ದಾರಿಯಲ್ಲಿ ಕಳೆದುಹೋದರೆ ಕಂಪ್ಯೂಟರ್ ಸ್ವಲ್ಪ ಕಾದು ಮತ್ತೆ ಕಳಿಸುತ್ತದೆ. ಗಿರಾಕಿ ಕಾಯುವುದು ಆ ಹೊತ್ತಿನಲ್ಲೇ.

ಟೆಕ್ನಿಷಿಯನ್ ಮೊದಲು ಬೇರೆ ಕೇಬಲ್ ಹಾಕಿ ನೋಡುತ್ತಾರೆ. ಸರಿಹೋದರೆ ಫ್ರಿಜ್ ಅಡಿ ಸಿಕ್ಕಿ ಜಜ್ಜಿದ ಕೇಬಲ್ಲೇ ಕಾರಣ. ಇಲ್ಲದಿದ್ದರೆ ಪೋರ್ಟ್ ಬದಲಿಸುತ್ತಾರೆ.