ಮನೆಯೊಳಗಿನ ನಿಧಿಶೋಧಕ್ಕೆ ಅಕ್ಷರಪಲ್ಲಟದ ಚೀಟಿಗಳು

ಮಕ್ಕಳ ಹುಟ್ಟುಹಬ್ಬದ ನಿಧಿಶೋಧದಲ್ಲಿ ಪ್ರತಿ ಚೀಟಿಯಲ್ಲೂ ಮನೆಯ ಒಂದು ಜಾಗದ ಹೆಸರು ಅಕ್ಷರಗಳು ಕಲಸಿಹೋದ ರೂಪದಲ್ಲಿರುತ್ತದೆ. ಅಕ್ಷರಗಳನ್ನು ಸರಿಯಾಗಿ ಜೋಡಿಸಿ ಆ ಜಾಗಕ್ಕೆ ಓಡಿದರೆ ಅಲ್ಲಿ ಮುಂದಿನ ಚೀಟಿ ಕಾದಿರುತ್ತದೆ, ಕೊನೆಯ ಚೀಟಿ ಉಡುಗೊರೆ ಇರುವಲ್ಲಿಗೆ ಕರೆದೊಯ್ಯುತ್ತದೆ. ಈ ಆಟವನ್ನು ಕನ್ನಡದಲ್ಲಿ ಆಡಿಸಬೇಕಾದರೆ ಇಂಗ್ಲಿಷ್ ಚೀಟಿಗಳ ಪದ್ಧತಿ ಹಾಗೇ ನಡೆಯುವುದಿಲ್ಲ. ಕನ್ನಡದಲ್ಲಿ ಕಲಸಬೇಕಾದದ್ದು ಒಂಟಿ ವ್ಯಂಜನ, ಒಂಟಿ ಸ್ವರಗಳನ್ನಲ್ಲ, ಉಚ್ಚಾರದ ಇಡೀ ಅಕ್ಷರವನ್ನು.

‘ದೇವರಮನೆ’ ಎಂಬುದರಲ್ಲಿ ಐದು ಅಕ್ಷರಗಳಿವೆ: ದೇ, ವ, ರ, ಮ, ನೆ. ಇಲ್ಲಿ ದೇ ಎಂಬುದರ ಏತ್ವವನ್ನು ಕಿತ್ತು ವಕಾರಕ್ಕೆ ಅಂಟಿಸಿದರೆ ‘ವೇ’ ಆಗುತ್ತದೆ, ದೇ ಮಾಯವಾಗುತ್ತದೆ. ಮಗು ಎಷ್ಟು ತಿರುಗಿಸಿದರೂ ಉತ್ತರ ಹೊಮ್ಮುವುದಿಲ್ಲ. ಒತ್ತಕ್ಷರವೂ ಹಾಗೆಯೇ. ‘ಕಟ್ಟೆ’ಯಲ್ಲಿ ಇರುವುದು ಕ ಮತ್ತು ಟ್ಟೆ ಎಂಬ ಎರಡೇ ಅಕ್ಷರ. ಅನುಸ್ವಾರ ಕೂಡ ತನ್ನ ಅಕ್ಷರವನ್ನು ಬಿಟ್ಟು ಕದಲಬಾರದು, ಹಾಗಾಗಿ ‘ಮಂಚ’ಕ್ಕೂ ‘ದಿಂಬು’ವಿಗೂ ಎರಡೆರಡೇ ಅಕ್ಷರ. ಇಂಗ್ಲಿಷಿಗಾಗಿ ಮಾಡಿದ ಪದ ಕಲಸುವ ತಂತ್ರಾಂಶಕ್ಕೆ ಕನ್ನಡ ಪದ ಕೊಟ್ಟರೆ ಎಡವಟ್ಟಾಗುವುದು ಇಲ್ಲೇ. ಕಂಪ್ಯೂಟರಿನೊಳಗೆ ‘ದೇವರಮನೆ’ ಏಳು ಸಂಕೇತಗಳ ಸಾಲು, ಏಕೆಂದರೆ ಸ್ವರಚಿಹ್ನೆಗಳಿಗೆ ಬೇರೆ ಸಂಕೇತವಿದೆ. ಅವುಗಳನ್ನು ಬಿಡಿಬಿಡಿಯಾಗಿ ಕಲಸಿದಾಗ ಕೊಂಬು, ದೀರ್ಘಗಳು ಯಾವುದೋ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ, ಇಲ್ಲವೇ ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ನಿಲ್ಲುತ್ತವೆ. ಈ ಕೆಲಸಕ್ಕೆ ಕಾಗದ, ಪೆನ್ಸಿಲ್ಲೇ ಸಾಕು.

ಎಷ್ಟು ಅಕ್ಷರದ ಪದ ಎಂಬುದರ ಮೇಲೆ ಕಷ್ಟ ನಿಂತಿದೆ. ಮೂರು ಬೇರೆಬೇರೆ ಅಕ್ಷರಗಳನ್ನು 6 ರೀತಿ ಜೋಡಿಸಬಹುದು, ನಾಲ್ಕನ್ನು 24, ಐದನ್ನು 120, ಆರನ್ನು 720 ರೀತಿ. ಆದರೆ ಯಾವ ಮಗುವೂ ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವುದಿಲ್ಲ. ಕನ್ನಡ ಪದಗಳ ನಡೆಯೇ ಸುಳಿವು ಕೊಡುತ್ತದೆ. ಅ, ಊ ಮುಂತಾದ ಬಿಡಿ ಸ್ವರ ಪದದ ಮೊದಲಲ್ಲೇ ಬರುತ್ತದೆ. ಟ್ಟ, ತ್ತ, ಚ್ಚದಂಥ ಒತ್ತಕ್ಷರದಿಂದ ಪದ ಶುರುವಾಗುವುದಿಲ್ಲ. ‘ಅಡುಗೆಮನೆ’ಯನ್ನು ನೋಡಿ: ಅ ಮೊದಲಿನದೆಂದು ಹೊಳೆದ ಕೂಡಲೇ 120 ದಾರಿಗಳು 24ಕ್ಕೆ ಇಳಿಯುತ್ತವೆ, ಕೊನೆಯಲ್ಲಿ ‘ಮನೆ’ ಇರಬಹುದೆಂದು ಊಹಿಸಿದರೆ ಉಳಿಯುವುದು ಎರಡೇ. ಅಡುಗೆಮನೆ, ದೇವರಮನೆ, ಬಚ್ಚಲುಮನೆ ಮೂರನ್ನೂ ಒಂದೇ ಆಟದಲ್ಲಿ ಇಟ್ಟರೆ ಮೊದಲನೆಯದನ್ನು ಬಿಡಿಸಿದವರಿಗೆ ಉಳಿದೆರಡು ನೀರು ಕುಡಿದಷ್ಟು ಸುಲಭ. ಇಂಥವು ಎರಡಕ್ಕಿಂತ ಹೆಚ್ಚು ಬೇಡ. ‘ಕಿಟಕಿ’ ಇನ್ನೂ ಬಡಪಾಯಿ. ಕಿ ಎರಡು ಸಲ ಬರುವುದರಿಂದ ಅದಕ್ಕೆ ಒಟ್ಟು ಮೂರೇ ಜೋಡಣೆ, ತಿರುಗಿಸಿ ಬರೆದರಂತೂ ಮತ್ತೆ ಕಿಟಕಿಯೇ.

ಕಲಸಿದ ರೂಪಕ್ಕೂ ಒಂದು ಅರ್ಥ, ಕಡೇಪಕ್ಷ ಅರ್ಥದ ಭ್ರಮೆ, ಇದ್ದಾಗ ಚೀಟಿಗೆ ರುಚಿ ಹತ್ತುತ್ತದೆ. ‘ದೇವರಮನೆ’ಯನ್ನು ‘ಮನೆದೇವರ’ ಎಂದು ತಿರುಗಿಸಿದರೆ ಎರಡು ತುಂಡುಗಳು ಅದಲುಬದಲಾದದ್ದಷ್ಟೇ, ಒಗಟು ಉಳಿಯುವುದಿಲ್ಲ. ಅದೇ ಐದು ಅಕ್ಷರಗಳಿಂದ ‘ಮರ ದೇವನೆ?’ ಎಂಬ ಪ್ರಶ್ನೆಯನ್ನೂ ಕಟ್ಟಬಹುದು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದನ್ನು ಓದಿದ ಮಗು ಮೊದಲು ಅಂಗಳದ ಮರದತ್ತ ನೋಡದೆ ಇರದು. ಎಲ್ಲ ಪದಗಳಿಗೂ ಇಂಥ ಭಾಗ್ಯವಿಲ್ಲ. ‘ಅಡುಗೆಮನೆ’ಯಿಂದ ‘ಅಗೆ ನೆಡು’ ಎಂಬ ಗದ್ದೆಯ ಮಾತು ಸಿಗುತ್ತದೆ, ಆದರೆ ಮ ಮಿಕ್ಕುತ್ತದೆ. ಆಗ ‘ನೆಡುಮ ಅಗೆ’ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಅರ್ಥ ಕೂಡದಿದ್ದರೂ ಮೂಲಪದದ ಜೋಡಿಗಳು ಒಡೆದಿರಲೇಬೇಕು. ತುಳಸಿಕಟ್ಟೆಯನ್ನು ಕಲಸಿದ ಮೇಲೂ ‘ಕಟ್ಟೆ’ ಒಟ್ಟಿಗೇ ಉಳಿದಿದ್ದರೆ ಅದು ಉತ್ತರವನ್ನೇ ಬರೆದಂತೆ.

ಜಗಲಿ, ಅಂಗಳ ಇರುವ ಮನೆಯಲ್ಲಿ ಎಂಟೊಂಬತ್ತು ವರ್ಷದ ಮಕ್ಕಳಿಗೆ ಐದು ಚೀಟಿಗಳ ಸರಣಿ ಹೀಗಿರಬಹುದು. ಬರೆಯುವ ಕೆಲಸ ಕೊನೆಯಿಂದ ಶುರುವಾಗಬೇಕು. ಉಡುಗೊರೆ ಮಲಗುವಕೋಣೆಯ ಮಂಚದ ಕೆಳಗೆ ಎಂದು ಮೊದಲು ಗೊತ್ತು ಮಾಡಿಕೊಂಡರೆ ಐದನೆಯ ಚೀಟಿಯ ಉತ್ತರ ‘ಮಲಗುವಕೋಣೆ’ ಆಗುತ್ತದೆ. ಆ ಚೀಟಿಯಲ್ಲಿ ‘ಮಗು ಕೋಲ ವಣೆ’ ಎಂದು ಬರೆದು ಅದನ್ನು ದೇವರಮನೆಯಲ್ಲಿಡಬೇಕು. ದೇವರಮನೆಗೆ ಕಳಿಸುವ ನಾಲ್ಕನೆಯ ಚೀಟಿ ‘ಮರ ದೇವನೆ?’, ಅದು ತುಳಸಿಕಟ್ಟೆಯ ಮೇಲೆ. ತುಳಸಿಕಟ್ಟೆಗೆ ಕಳಿಸುವ ಮೂರನೆಯದು ‘ಕಳತು ಸಿಟ್ಟೆ’, ಅಡುಗೆಮನೆಯಲ್ಲಿ. ಅಡುಗೆಮನೆಗೆ ಕಳಿಸುವ ‘ನೆಡುಮ ಅಗೆ’ ಜಗಲಿಯಲ್ಲಿ. ಮೊದಲನೆಯದಾದ ‘ಗಲಿಜ’ ಮಕ್ಕಳ ಕೈಗೇ ಹೋಗುತ್ತದೆ, ಜಗಲಿಗೆ ಕಳಿಸುತ್ತದೆ. ಮೂರಕ್ಷರದಿಂದ ಆರಕ್ಷರಕ್ಕೆ ಏರುವ ಈ ಕ್ರಮದಲ್ಲಿ ಮೊದಲ ಗೆಲುವು ಬೇಗ ಸಿಗುತ್ತದೆ. ಒಳಗೆ ಹೊರಗೆ ಓಡಾಟವೂ ಇರುತ್ತದೆ.

ಅತಿ ಸಾಮಾನ್ಯವಾದ ತಪ್ಪು ಚೀಟಿ ಇಡುವಾಗ ಆಗುವಂಥದ್ದು: ‘ಅಡುಗೆಮನೆ’ ಎಂದು ಉತ್ತರವಿರುವ ಚೀಟಿಯನ್ನೇ ಅಡುಗೆಮನೆಯಲ್ಲಿ ಇಟ್ಟುಬಿಡುವುದು. ಆಗ ಸರಣಿ ಅಲ್ಲಿಗೇ ತುಂಡಾಗುತ್ತದೆ. ಯಾವ ಚೀಟಿಯೂ ತಾನು ಹೆಸರಿಸುವ ಜಾಗದಲ್ಲಿ ಇರಕೂಡದು. ಚೀಟಿಯ ಸಂಖ್ಯೆ, ಇಡುವ ಜಾಗ, ಉತ್ತರ ಈ ಮೂರನ್ನೂ ಬೇರೊಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಅದನ್ನು ನೋಡಿಯೇ ಇಡುವುದು ಕ್ಷೇಮ. ಚೀಟಿಯ ಮೂಲೆಯಲ್ಲೂ ಸಂಖ್ಯೆ ಇರಲಿ. ನಾಲ್ಕನೆಯದು ಆಕಸ್ಮಿಕವಾಗಿ ಮೊದಲೇ ಕಣ್ಣಿಗೆ ಬಿದ್ದರೆ ಅದನ್ನು ಅಲ್ಲೇ ಬಿಟ್ಟು ಹೋಗಬೇಕೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಇನ್ನೊಂದು ತೊಡಕು, ಉತ್ತರ ಸರಿಯಾದರೂ ಚೀಟಿ ಸಿಗದಿರುವುದು. ಅಡುಗೆಮನೆ ದೊಡ್ಡ ಜಾಗ, ಡಬ್ಬಗಳನ್ನೆಲ್ಲ ತೆರೆಯಲು ಹೊರಟರೆ ಒಗಟಿನ ಆಟ ಜಾಲಾಟವಾಗುತ್ತದೆ. ಯಾವ ವಸ್ತುವನ್ನೂ ಸರಿಸದೆ ಮಗುವಿನ ಕಣ್ಣಿನ ಎತ್ತರದಲ್ಲಿ ಚೀಟಿಯ ಅಂಚು ಕಾಣಬೇಕು. ಒಲೆ, ಬಾವಿ, ಸ್ವಿಚ್‌ಬೋರ್ಡುಗಳ ಹತ್ತಿರ ಮಾತ್ರ ಇಡಲೇಬಾರದು.

ಪದ ಆಯ್ಕೆಯಲ್ಲಿ ನಿಘಂಟಿಗಿಂತ ಆ ಮನೆಯ ಮಾತು ಮುಖ್ಯ. ‘ಹಾಲ್’ ಎನ್ನುವ ಮಗುವಿಗೆ ‘ಪಡಸಾಲೆ’ ಹೊಳೆಯುವುದಿಲ್ಲ, ಅದು ಮಗುವಿನ ಸೋಲಲ್ಲ. ಫ್ಲ್ಯಾಟಿನಲ್ಲಿ ‘ಬಾಲ್ಕನಿ’ ಸಹಜವಾದ ಪದ, ಅದಕ್ಕೆ ಬಾ, ಲ್ಕ, ನಿ ಎಂದು ಮೂರು ಅಕ್ಷರ. ‘ಸೋಫಾ’, ‘ಫ್ರಿಜ್’ ಇದಕ್ಕೆ ಒದಗುವುದಿಲ್ಲ. ಮೊದಲನೆಯದರಲ್ಲಿ ಎರಡೇ ಅಕ್ಷರ, ಎರಡನೆಯದರ ಜ್ ಕೊನೆಯಲ್ಲಲ್ಲದೆ ಬೇರೆಲ್ಲೂ ಕೂರುವುದಿಲ್ಲ.

ಆಗತಾನೇ ಓದು ಕಲಿತ ಮಕ್ಕಳಿಗೆ ಅಕ್ಷರಗಳನ್ನು ಚೌಕಗಳಾಗಿ ಕತ್ತರಿಸಿ ಲಕೋಟೆಯಲ್ಲಿ ಹಾಕಿ ಕೊಟ್ಟರೆ ನೆಲದ ಮೇಲೆ ಹರಡಿ ಜೋಡಿಸುತ್ತಾರೆ. ಒಂದು ಚೌಕ ಕಳೆದರೂ ಒಗಟು ಬಿಡಿಸಲಾಗದು, ಆದ್ದರಿಂದ ಲಕೋಟೆಯ ಮೇಲೆ ಎಷ್ಟು ಅಕ್ಷರವೆಂದು ಬರೆದಿರಬೇಕು. ಎರಡು ಮೂರು ನಿಮಿಷ ಕಳೆದರೂ ಬಿಡದಿದ್ದರೆ ಮೊದಲ ಅಕ್ಷರ ಹೇಳಿಬಿಡುವುದೇ ಸರಿ, ಹುಟ್ಟುಹಬ್ಬದ ದಿನ ಮಗುವನ್ನು ಕಾಯಿಸಬಾರದು.

ಚೀಟಿಗಳನ್ನು ಇಡುವ ಮೊದಲು ಒಂದೊಂದು ಅಕ್ಷರವನ್ನೂ ಮೂಲಪದದ ಅಕ್ಷರದೊಂದಿಗೆ ತಾಳೆ ನೋಡಿ ಪೆನ್ಸಿಲಿನಿಂದ ಹೊಡೆದುಹಾಕುತ್ತ ಹೋಗಬೇಕು. ದೇ ಇರಬೇಕಾದಲ್ಲಿ ದೆ, ಟ್ಟೆ ಇರಬೇಕಾದಲ್ಲಿ ಟೆ, ಳ ಇರಬೇಕಾದಲ್ಲಿ ಲ ಬಂದಿದ್ದರೆ ಆಗಲೇ ಸಿಕ್ಕಿಬೀಳುತ್ತದೆ. ಆಮೇಲೆ ಇವನ್ನು ಬರೆಯದ ಒಬ್ಬ ದೊಡ್ಡವರ ಕೈಗೆ ಐದನ್ನೂ ಕೊಟ್ಟು ಬಿಡಿಸಲು ಹೇಳಿ. ಅವರು ತಡವರಿಸಿದ ಚೀಟಿಯನ್ನು ಮಕ್ಕಳು ಬರುವ ಮುಂಚೆಯೇ ಬದಲಾಯಿಸಿ.